ಟಿಪ್ಪಣಿಯೇ ಇಲ್ಲದ ಸಭೆಗೆ ನಡಾವಳಿ ಬರೆಯುವುದು ಹೇಗೆ?

ಬಡಾವಣೆಯ ನಿವಾಸಿಗಳ ಸಂಘ, ದೇವಸ್ಥಾನದ ಸಮಿತಿ, ಹಳೆಯ ವಿದ್ಯಾರ್ಥಿಗಳ ಸಂಘ ಇಂಥವುಗಳಲ್ಲಿ ಕೆಲಸ ಮಾಡುವ ಓದುಗರು ಮೇಲಿಂದ ಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ. ‘ಹೋದ ತಿಂಗಳ ಸಭೆಯ ನಡಾವಳಿ ಬರೆದುಕೊಡಿ ಎಂದಿದ್ದಾರೆ. ಯಾರೂ ಟಿಪ್ಪಣಿ ಮಾಡಿಕೊಂಡಿಲ್ಲ, ಧ್ವನಿಮುದ್ರಣವಿಲ್ಲ. ಬಂದವರಲ್ಲಿ ಯಾರು ಸಮಿತಿಯವರು, ಯಾರು ಆಹ್ವಾನಿತರು ಎಂಬುದು ತಿಳಿಯದು. ಕೊನೆಗೆ ಏನು ತೀರ್ಮಾನವಾಯಿತು ಎನ್ನುವುದರಲ್ಲೂ ಒಬ್ಬೊಬ್ಬರದು ಒಂದೊಂದು ಮಾತು. ಏನು ಮಾಡಲಿ?’

ನನ್ನ ಉತ್ತರ ಇದು: ಬರೆಯಬಹುದು, ಆದರೆ ಕೇಳಿದವರು ಬಯಸಿದ ರೂಪದಲ್ಲಿ ಅಲ್ಲ. ಸಭೆಯಲ್ಲಿ ಏನಾಯಿತು ಎಂಬುದರ ದಾಖಲೆಯೇ ನಡಾವಳಿ. ಏನಾಗಿರಬಹುದು ಎಂಬ ಊಹೆಗೆ ಅದರಲ್ಲಿ ಜಾಗವಿಲ್ಲ. ಸಿಕ್ಕಿದ್ದನ್ನು ಬರೆದು, ಸಿಗದಿದ್ದನ್ನು ಸಿಕ್ಕಿಲ್ಲವೆಂದೇ ತೋರಿಸಿ, ತೀರ್ಮಾನವೇ ಖಚಿತವಾಗದ ವಿಷಯವನ್ನು ಮತ್ತೆ ಸಭೆಯ ಮುಂದಿಡಬೇಕು. ಆ ದಾರಿಯನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ಕೊನೆಯವರೆಗೆ ನಡೆದು ನೋಡೋಣ.

ಒಂದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘವಿದೆ ಎಂದುಕೊಳ್ಳಿ. ಕಾರ್ಯಕಾರಿ ಸಮಿತಿಯಲ್ಲಿ ಒಂಬತ್ತು ಮಂದಿ. ಸಂಘದ ಬೈಲಾ, ಅಂದರೆ ಉಪನಿಯಮಗಳ ಪ್ರಕಾರ ಕೋರಂ ಐದು. ಸಭೆಯ ತೀರ್ಮಾನಕ್ಕೆ ಬೆಲೆ ಬರಬೇಕಾದರೆ ಇರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆಗೆ ಕೋರಂ ಎನ್ನುತ್ತಾರೆ. 2025ರ ಆಗಸ್ಟ್ 10ರ ಭಾನುವಾರ ಸಮಿತಿ ಸೇರಿತ್ತು. ಮೂರು ವಾರ ಕಳೆದ ಮೇಲೆ ಕಾರ್ಯದರ್ಶಿ ನಿಮಗೆ ಹೇಳುತ್ತಾರೆ: ‘ಖಜಾಂಚಿಗೆ ವರ್ಗವಾಗಿದೆ, ಬ್ಯಾಂಕಿನಲ್ಲಿ ಸಹಿದಾರರು ಬದಲಾಗಬೇಕು. ಅವತ್ತು ಎಲ್ಲ ಮಾತಾಡಿದ್ದೇವೆ. ನಡಾವಳಿ ಬರೆದುಬಿಡಿ.’ ನೀವು ಆ ಸಭೆಯಲ್ಲಿ ಇರಲಿಲ್ಲ.

1. ಯಾರಿಗೆ, ಯಾವ ಕೆಲಸಕ್ಕೆ ಬೇಕು ಎಂದು ಮೊದಲು ಕೇಳಿ

ಸದಸ್ಯರಿಗೆ ವಿಷಯ ತಿಳಿಸುವುದಷ್ಟೇ ಉದ್ದೇಶವಾಗಿದ್ದರೆ ನಡಾವಳಿ ಬೇಕಾಗಿಲ್ಲ. ‘ಸಭೆಯ ಮುಖ್ಯಾಂಶಗಳು’ ಎಂಬ ತಲೆಬರಹದ ಒಂದು ಪುಟ ಸಾಕು. ಅದಕ್ಕೆ ಅಧ್ಯಕ್ಷರ ಸಹಿಯ ಅಗತ್ಯವಿಲ್ಲ, ಅದನ್ನು ಆಧಾರವಾಗಿಟ್ಟುಕೊಂಡು ಯಾರೂ ಹಣ ತೆಗೆಯುವುದೂ ಇಲ್ಲ.

ಬ್ಯಾಂಕಿನ ವಿಷಯ ಬೇರೆ. ಸಹಿದಾರರನ್ನು ಬದಲಿಸಬೇಕಾದರೆ ಬ್ಯಾಂಕು ಸಾಮಾನ್ಯವಾಗಿ ನಿರ್ಣಯದ ದೃಢೀಕೃತ ಪ್ರತಿ ಕೇಳುತ್ತದೆ. ಖಾತೆಯ ಸಂಖ್ಯೆ, ಯಾರ ಹೆಸರು ಹೊರಗೆ, ಯಾರ ಹೆಸರು ಒಳಗೆ, ಚೆಕ್ಕಿಗೆ ಒಬ್ಬರ ಸಹಿ ಸಾಕೋ ಇಬ್ಬರು ಜಂಟಿಯಾಗಿ ಹಾಕಬೇಕೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಇಲ್ಲಿ ಒಂದು ಸಾಲು ಊಹೆಯಿಂದ ಬರೆದರೂ ಸಂಘದ ಹಣದ ಮೇಲಿನ ಅಧಿಕಾರ ಆ ಊಹೆಯ ಮೇಲೆ ನಿಲ್ಲುತ್ತದೆ. ಆದ್ದರಿಂದ ಕೇಳಿದವರು ಅವಸರ ಮಾಡಿದರೂ ಈ ಪ್ರಶ್ನೆಗೆ ಉತ್ತರ ಪಡೆಯದೆ ಮುಂದೆ ಹೋಗಬೇಡಿ. ಸೇರಿದ್ದು ಕಾರ್ಯಕಾರಿ ಸಮಿತಿಯೋ ಸರ್ವಸದಸ್ಯರ ಸಭೆಯೋ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಎರಡರ ಕೋರಂ ಬೇರೆ, ಅಧಿಕಾರವೂ ಬೇರೆ.

2. ನೆನಪನ್ನು ಕೇಳುವ ಮೊದಲು ಕಾಗದ ಹುಡುಕಿ

‘ಏನೂ ಇಲ್ಲ’ ಎನ್ನುವ ಸಂಘದಲ್ಲೂ ಏನಾದರೂ ಸಿಕ್ಕೇ ಸಿಗುತ್ತದೆ. ಸಭೆಯ ತಿಳುವಳಿಕೆ ಪತ್ರ, ಅದರ ಜೊತೆಗಿದ್ದ ಕಾರ್ಯಸೂಚಿ, ಹಾಜರಾತಿ ಹಾಳೆ, ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳು, ಸಭೆಯ ಮುಂದಿಟ್ಟ ದರಪಟ್ಟಿಗಳು, ಸಭೆಯ ನಂತರ ಬರೆದ ಚೆಕ್ಕು, ವೋಚರು. ಯಾರಾದರೂ ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಅದನ್ನೂ ಪಡೆಯಿರಿ. ಯಾರು ಯಾವ ಹೊತ್ತಿಗೆ ಅಲ್ಲಿದ್ದರು ಎಂಬುದಕ್ಕೆ ಅದು ನೆರವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಸಿಕ್ಕಿದ್ದು ಇಷ್ಟು: ಮೂರು ವಿಷಯಗಳ ಕಾರ್ಯಸೂಚಿ (ಕೊಳವೆಬಾವಿಯ ಪಂಪು, ನೀರಿನ ಶುಲ್ಕ, ಬ್ಯಾಂಕ್ ಸಹಿದಾರರು), ಏಳು ಸಹಿಗಳಿರುವ ಒಂದು ಹಾಳೆ, ಪಂಪಿಗೆ ಬಂದ ಮೂರು ದರಪಟ್ಟಿಗಳು, ಆಗಸ್ಟ್ 12ರಂದು ಒಬ್ಬ ಮಾರಾಟಗಾರನಿಗೆ 20,000 ರೂಪಾಯಿ ಮುಂಗಡ ಕೊಟ್ಟ ವೋಚರು, ಮತ್ತು ಆಗಸ್ಟ್ 11ರಂದು ಕಾರ್ಯದರ್ಶಿ ಗುಂಪಿಗೆ ಹಾಕಿದ ಸಂದೇಶ: ‘ಸೆಪ್ಟೆಂಬರಿನಿಂದ ನೀರಿನ ಶುಲ್ಕ 300ರ ಬದಲು 400.’

ಪ್ರತಿಯೊಂದು ಕಾಗದವೂ ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂದು ಬೇರ್ಪಡಿಸಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕಾರ್ಯಸೂಚಿಯಲ್ಲಿ ವಿಷಯವಿತ್ತು ಎಂದರೆ ಅದು ಚರ್ಚೆಗೆ ಬಂದಿತೆಂದು ಅರ್ಥವಲ್ಲ, ಸಮಯ ಸಾಲದೆ ಬಿಟ್ಟಿರಲೂಬಹುದು. ವೋಚರು ಇದೆ ಎಂದರೆ ಹಣ ಹೋಗಿದೆ ಎಂದಷ್ಟೇ. ಯಾವ ಮೊತ್ತಕ್ಕೆ ಸಭೆ ಒಪ್ಪಿತು ಎಂಬುದನ್ನು ಅದು ಹೇಳುವುದಿಲ್ಲ. ಕಾರ್ಯದರ್ಶಿಯ ಸಂದೇಶ ಸಭೆಯ ಮರುದಿನ ಅವರು ಏನು ತಿಳಿದುಕೊಂಡಿದ್ದರು ಎಂಬುದಕ್ಕೆ ಸಾಕ್ಷಿ, ಸಭೆಯ ನಿರ್ಣಯಕ್ಕಲ್ಲ. ಸಂದೇಶದ ಕೆಳಗೆ ಬಿದ್ದ ಹೆಬ್ಬೆರಳುಗಳೂ ಮತಗಳಲ್ಲ.

3. ಹಾಜರಾತಿಯನ್ನು ಸದಸ್ಯರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ

ಏಳು ಸಹಿ ಇವೆ, ಕೋರಂ ಐದು, ಆದ್ದರಿಂದ ಸರಿಯಾಯಿತು ಎಂದು ಮುಂದೆ ಹೋಗಬೇಡಿ. ಆ ಹಾಳೆಯಲ್ಲಿ ಸಹಿಯ ಎದುರು ಹುದ್ದೆ ಬರೆದಿಲ್ಲ. ಸಂಘದ ದಾಖಲೆಯಲ್ಲಿರುವ ಸಮಿತಿ ಸದಸ್ಯರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೋಲಿಸಿ.

ಹೋಲಿಸಿದಾಗ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮತ್ತು ಒಬ್ಬ ಸದಸ್ಯರ ಸಹಿಗಳು ಸ್ಪಷ್ಟವಾಗಿ ಹೊಂದುತ್ತವೆ. ಐದನೆಯದು ಓದಲಾಗದ ಸಹಿ. ಆರನೆಯದು ಊರಿನಲ್ಲಿಲ್ಲದ ಒಬ್ಬ ಸಮಿತಿ ಸದಸ್ಯರ ಪತ್ನಿಯದು. ಏಳನೆಯದು ಪಂಪಿನ ಸ್ಥಿತಿ ವಿವರಿಸಲು ಬಂದಿದ್ದ ಎಲೆಕ್ಟ್ರಿಷಿಯನ್‌ನದು. ಎಲೆಕ್ಟ್ರಿಷಿಯನ್ ಆಹ್ವಾನಿತ, ಕೋರಂಗೆ ಲೆಕ್ಕವಿಲ್ಲ. ಸಮಿತಿ ಸದಸ್ಯರ ಪರವಾಗಿ ಮನೆಯವರು ಕೂರಬಹುದೇ ಎಂಬುದನ್ನು ನಿಮ್ಮ ಬೈಲಾದಲ್ಲಿ ನೋಡಬೇಕು. ಅಲ್ಲಿ ಅವಕಾಶ ಕೊಟ್ಟಿಲ್ಲವಾದರೆ ಅವರನ್ನೂ ಎಣಿಸುವಂತಿಲ್ಲ. ನಮ್ಮ ಸಂಘದ ಬೈಲಾದಲ್ಲಿ ಕೊಟ್ಟಿಲ್ಲ ಎಂದಿಟ್ಟುಕೊಳ್ಳೋಣ. ಹಾಗಾದರೆ ಇಡೀ ಸಭೆಯ ಕೋರಂ ಆ ಓದಲಾಗದ ಒಂದು ಸಹಿಯ ಮೇಲೆ ನಿಂತಿದೆ.

ನಡಾವಳಿ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ಹಾಕಿ, ಅದೇ ಸಹಿ ಯಾರದೆಂದು ಹುಡುಕಿ. ಅದು ಉಪಾಧ್ಯಕ್ಷರದು ಎಂದು ತಿಳಿಯುತ್ತದೆ. ಆದರೂ ಅವರನ್ನೇ ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಿ, ಮತ್ತು ಎರಡನೆಯ ಪ್ರಶ್ನೆಯನ್ನು ಮರೆಯದೆ ಕೇಳಿ: ‘ಎಷ್ಟು ಹೊತ್ತಿನವರೆಗೆ ಇದ್ದಿರಿ?’ ನಮ್ಮ ಉದಾಹರಣೆಯಲ್ಲಿ ಅವರ ಉತ್ತರ ಹೀಗಿದೆ: ‘ಸಹಿ ನನ್ನದೇ. ಪಂಪಿನ ಮಾತು ಮುಗಿದ ಮೇಲೆ ಮದುವೆಗೆ ಹೋಗಬೇಕಿತ್ತು, ಎದ್ದು ಹೊರಟೆ.’

ಈ ಒಂದು ಮಾತಿನಿಂದ ನೀರಿನ ಶುಲ್ಕ ಮತ್ತು ಬ್ಯಾಂಕ್ ಸಹಿದಾರರ ವಿಷಯ ಬಂದಾಗ ಸಮಿತಿಯಲ್ಲಿ ನಾಲ್ವರೇ ಇದ್ದರು ಎಂದಾಯಿತು. ಹಾಜರಾತಿ ಹಾಳೆಯನ್ನಷ್ಟೇ ನೋಡಿ ಬರೆದಿದ್ದರೆ ಇದು ಎಂದಿಗೂ ಹೊರಗೆ ಬರುತ್ತಿರಲಿಲ್ಲ.

4. ಇದ್ದವರನ್ನು ಬೇರೆ ಬೇರೆಯಾಗಿ ಕೇಳಿ, ಕರಡು ತೋರಿಸುವ ಮೊದಲೇ ಕೇಳಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ನೀವು ಒಂದು ಕರಡು ಬರೆದು ಎಲ್ಲರಿಗೂ ಕಳುಹಿಸಿ ‘ಸರಿಯಾಗಿದೆಯೇ?’ ಎಂದರೆ ಬಹುತೇಕ ಎಲ್ಲರೂ ಸರಿಯೆನ್ನುತ್ತಾರೆ. ಅಚ್ಚುಕಟ್ಟಾದ ಭಾಷೆಯಲ್ಲಿ ಬರೆದದ್ದನ್ನು ಓದಿದ ಕೂಡಲೇ ಹಾಗೆಯೇ ನಡೆಯಿತೆಂದು ಅವರಿಗೂ ಅನಿಸತೊಡಗುತ್ತದೆ. ಮೂರು ವಾರ ಹಳೆಯ ನೆನಪು ನಿಮ್ಮ ಕರಡಿನ ಆಕಾರಕ್ಕೆ ಬಾಗುತ್ತದೆ. ಆಮೇಲೆ ನಿಜವಾದ ನೆನಪು ಯಾವುದು, ಕರಡಿನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗದು.

ಆದ್ದರಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಪ್ರಶ್ನೆಗಳನ್ನು ಕಳುಹಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಗುಂಪಿನಲ್ಲಿ ಕೇಳಬೇಡಿ. ಅಲ್ಲಿ ಮೊದಲು ಉತ್ತರಿಸಿದವರ ಮಾತೇ ಎಲ್ಲರ ಮಾತಾಗುತ್ತದೆ. ಪ್ರಶ್ನೆಯ ಒಳಗೆ ಉತ್ತರ ಇರದಂತೆ ನೋಡಿಕೊಳ್ಳಿ. ‘ಪಂಪಿಗೆ 62,000 ಎಂದು ತೀರ್ಮಾನವಾಯಿತಲ್ಲವೇ?’ ಎಂದು ಕೇಳಬೇಡಿ. ಹೀಗೆ ಕೇಳಿ:

‘ಪಂಪಿನ ವಿಷಯದಲ್ಲಿ ಕೊನೆಗೆ ಏನೆಂದು ಮಾತಾಯಿತು? ಯಾರಿಗೆ ಕೆಲಸ ವಹಿಸಿದರು? ಯಾವ ಮೊತ್ತ ಕೇಳಿದ ನೆನಪಿದೆ? ಬೇಡವೆಂದವರು ಅಥವಾ ಸುಮ್ಮನಿದ್ದವರು ಯಾರಾದರೂ ಇದ್ದರೇ? ಆ ಹೊತ್ತಿಗೆ ಅಲ್ಲಿ ಯಾರ್‍ಯಾರಿದ್ದರು?’

ಒಪ್ಪಿದವರ ಜೊತೆಗೆ ಒಪ್ಪದವರನ್ನೂ ಕೇಳಲೇಬೇಕು. ವಿರೋಧಿಸಿದವರಿಗೆ ಸಾಮಾನ್ಯವಾಗಿ ತೀರ್ಮಾನದ ಮಾತುಗಳು ಹೆಚ್ಚು ನಿಖರವಾಗಿ ನೆನಪಿರುತ್ತವೆ, ಅದು ಅವರಿಗೆ ಚುಚ್ಚಿರುತ್ತದೆ.

ನಮ್ಮ ಉದಾಹರಣೆಯಲ್ಲಿ ಬಂದ ಉತ್ತರಗಳು ಇವು. ಪಂಪಿನ ವಿಷಯದಲ್ಲಿ ಐವರೂ ಒಂದೇ ಮಾರಾಟಗಾರನ ಹೆಸರು ಹೇಳುತ್ತಾರೆ, ವೋಚರೂ ಅದಕ್ಕೆ ಹೊಂದುತ್ತದೆ. ಆದರೆ ಖಜಾಂಚಿ ‘62,000ಕ್ಕೆ’ ಎಂದರೆ ಅಧ್ಯಕ್ಷರು ‘65,000 ಮೀರದಂತೆ’ ಎನ್ನುತ್ತಾರೆ. ದರಪಟ್ಟಿಯಲ್ಲಿರುವುದು 62,000, ಅಳವಡಿಸುವ ಕೂಲಿ ಪ್ರತ್ಯೇಕ. ನೀರಿನ ಶುಲ್ಕದ ಬಗ್ಗೆ ಕಾರ್ಯದರ್ಶಿ ‘ಏರಿಸಿದೆವು’ ಎನ್ನುತ್ತಾರೆ, ಉಳಿದ ಮೂವರು ‘ಸರ್ವಸದಸ್ಯರ ಸಭೆಗೆ ಇಡೋಣ ಎಂದಾಯಿತು’ ಎನ್ನುತ್ತಾರೆ. ಸಹಿದಾರರ ವಿಷಯದಲ್ಲಿ ಬದಲಿಸಬೇಕು ಎಂಬುದಕ್ಕೆ ಎಲ್ಲರ ಒಪ್ಪಿಗೆ ಇದೆ, ಆದರೆ ಖಜಾಂಚಿಯ ಜಾಗಕ್ಕೆ ಯಾರು ಎಂದು ಇಬ್ಬರು ಎರಡು ಹೆಸರು ಹೇಳುತ್ತಾರೆ.

5. ಮೂರು ಗುಂಪುಗಳಾಗಿ ವಿಂಗಡಿಸಿ

ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಕಾಗದದ ಆಧಾರವಿರುವುದು, ಇದ್ದವರೆಲ್ಲರ ಮಾತೂ ಹೊಂದುವುದು, ಹೊಂದದಿರುವುದು ಅಥವಾ ಗೊತ್ತಿಲ್ಲದಿರುವುದು. ಮೊದಲ ಎರಡು ಮಾತ್ರ ನಡಾವಳಿಯ ವಾಕ್ಯಗಳಾಗಬಹುದು. ಮೂರನೆಯದನ್ನು ನೀವೇ ಬಗೆಹರಿಸಲು ಹೋಗಬೇಡಿ. ಖಜಾಂಚಿ ಲೆಕ್ಕದವರು, ಅವರ ಮಾತೇ ಸರಿಯಿರಬೇಕು ಎಂದು ಆರಿಸಿಕೊಳ್ಳುವ ಅಧಿಕಾರ ಬರೆಯುವವರಿಗಿಲ್ಲ. ಬಹುಮತದ ನೆನಪಿನ ಮೇಲೆ ತೀರ್ಮಾನ ಬರೆಯುವ ಅಧಿಕಾರವೂ ಇಲ್ಲ.

6. ಖಾಲಿ ಜಾಗ ಬಿಟ್ಟು ಕರಡು ಬರೆಯಿರಿ

ಕರಡಿನ ತಲೆಯಲ್ಲಿ ಅದು ಯಾವಾಗ, ಯಾವುದರ ಆಧಾರದ ಮೇಲೆ ಸಿದ್ಧವಾಯಿತು ಎಂಬುದನ್ನು ಬರೆಯಲೇಬೇಕು. ಉದಾಹರಣೆಗೆ:

> ದಿನಾಂಕ 10-08-2025ರ ಕಾರ್ಯಕಾರಿ ಸಮಿತಿ ಸಭೆಯ ನಡಾವಳಿ — ಕರಡು. ಸಭೆಯ ಸಮಯದಲ್ಲಿ ಟಿಪ್ಪಣಿ ಮಾಡಿಕೊಂಡಿರಲಿಲ್ಲ. ಹಾಜರಾತಿ ಹಾಳೆ, ದರಪಟ್ಟಿ, 12-08-2025ರ ವೋಚರು ಮತ್ತು ಹಾಜರಿದ್ದ ಸದಸ್ಯರ ಲಿಖಿತ ಹೇಳಿಕೆಗಳ ಆಧಾರದ ಮೇಲೆ 03-09-2025ರಂದು ಸಿದ್ಧಪಡಿಸಲಾಗಿದೆ.
>
> ಹಾಜರಿದ್ದ ಸಮಿತಿ ಸದಸ್ಯರು: ಐವರು. (ಉಪಾಧ್ಯಕ್ಷರು ವಿಷಯ 1 ಮುಗಿದ ನಂತರ ನಿರ್ಗಮಿಸಿದರು.) ಆಹ್ವಾನಿತರು: ಎಲೆಕ್ಟ್ರಿಷಿಯನ್. ಇತರೆ: ಒಬ್ಬ ಸದಸ್ಯರ ಪತ್ನಿ.
>
> ವಿಷಯ 1. ಕೊಳವೆಬಾವಿಯ ಪಂಪು: ಮೂರು ದರಪಟ್ಟಿಗಳನ್ನು ಪರಿಶೀಲಿಸಿ, ಎರಡನೆಯ ದರಪಟ್ಟಿ ನೀಡಿದ ಮಾರಾಟಗಾರರಿಂದ ಹೊಸ ಪಂಪು ಖರೀದಿಸಲು ನಿರ್ಣಯಿಸಲಾಯಿತು. ಮಂಜೂರಾದ ಮೊತ್ತ: ________ (ಸದಸ್ಯರ ಹೇಳಿಕೆಗಳು ಹೊಂದುತ್ತಿಲ್ಲ, ಸಮಿತಿ ಖಚಿತಪಡಿಸಬೇಕು).
>
> ವಿಷಯ 2. ನೀರಿನ ಶುಲ್ಕ: ಚರ್ಚೆಯಾಯಿತು. ಈ ವಿಷಯ ಬಂದಾಗ ಕೋರಂ ಇರಲಿಲ್ಲ. ನಿರ್ಣಯ ದಾಖಲಾಗಿಲ್ಲ.
>
> ವಿಷಯ 3. ಬ್ಯಾಂಕ್ ಸಹಿದಾರರ ಬದಲಾವಣೆ: ಚರ್ಚೆಯಾಯಿತು. ಈ ವಿಷಯ ಬಂದಾಗ ಕೋರಂ ಇರಲಿಲ್ಲ. ನಿರ್ಣಯ ದಾಖಲಾಗಿಲ್ಲ.

ಈ ಕರಡಿನಲ್ಲಿ ಇಲ್ಲದಿರುವುದನ್ನೂ ಗಮನಿಸಿ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ಮಾತಿಲ್ಲ. ನಮ್ಮ ಕೈ ತಾನಾಗಿಯೇ ಬರೆದುಬಿಡುವ ವಾಕ್ಯ ಅದು. ಆದರೆ ಯಾರೂ ಬೇಡವೆನ್ನಲಿಲ್ಲ ಎಂದು ಇದ್ದವರೆಲ್ಲ ಹೇಳಿದರೆ ಮಾತ್ರ ಅದಕ್ಕೆ ಆಧಾರ. ‘ಸೂಚಕರು’, ‘ಅನುಮೋದಕರು’ ಎಂಬ ಸಾಲುಗಳೂ ಇಲ್ಲ. ಪ್ರಸ್ತಾವವನ್ನು ಮುಂದಿಟ್ಟವರು ಸೂಚಕರು, ಅದನ್ನು ಬೆಂಬಲಿಸಿದವರು ಅನುಮೋದಕರು. ಹಳೆಯ ನಡಾವಳಿಯ ನಮೂನೆಯಲ್ಲಿ ಆ ಜಾಗಗಳಿವೆ ಎಂಬ ಕಾರಣಕ್ಕೆ ಎರಡು ಹೆಸರು ತುಂಬುವ ರೂಢಿ ಬಹಳ ಕಡೆ ಇದೆ. ನಾಳೆ ಲೆಕ್ಕಪರಿಶೋಧಕರು ಕೇಳಿದಾಗ ಆ ಹೆಸರಿನವರು ‘ನಾನು ಸೂಚಿಸಿಯೇ ಇಲ್ಲ’ ಎಂದರೆ ಇಡೀ ಪುಟದ ನಂಬಿಕೆ ಹೋಗುತ್ತದೆ. ಸಭೆ ಎಷ್ಟು ಗಂಟೆಗೆ ಮುಗಿಯಿತು, ಯಾರು ವಂದಿಸಿದರು ಎಂಬಂಥ ಸಣ್ಣ ವಿವರಗಳಿಗೂ ಇದೇ ಮಾತು: ಗೊತ್ತಿಲ್ಲದಿದ್ದರೆ ಬಿಡಿ.

7. ಕರಡನ್ನು ಕಳುಹಿಸಿ, ಗಡುವು ಕೊಡಿ, ಮತ್ತೆ ಸಭೆ ಕರೆಯಿರಿ

ಹಾಜರಿದ್ದ ಸದಸ್ಯರೆಲ್ಲರಿಗೂ ಒಂದೇ ದಿನ ಕರಡು ಕಳುಹಿಸಿ. ತಿದ್ದುಪಡಿ ತಿಳಿಸಲು ಒಂದು ವಾರ ಸಾಕು. ಬಂದ ಆಕ್ಷೇಪಗಳನ್ನು ಕರಡಿನ ಜೊತೆಗೇ ಇಡಿ, ಮೂಲ ವಾಕ್ಯವನ್ನು ಸದ್ದಿಲ್ಲದೆ ಬದಲಿಸಬೇಡಿ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯ ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು’. ಅಲ್ಲಿ ಸಮಿತಿ ಪಂಪಿನ ಮೊತ್ತವನ್ನು ಖಚಿತಪಡಿಸಬಹುದು. ನೆನಪುಗಳು ಆಗಲೂ ಹೊಂದದಿದ್ದರೆ ಹಳೆಯ ಖಾಲಿ ಜಾಗ ಖಾಲಿಯಾಗಿಯೇ ಇರಲಿ. ಅಂದಿನ ಸಭೆಯೇ ಹೊಸ ನಿರ್ಣಯ ಮಾಡಿ ಒಟ್ಟು ಮೊತ್ತವನ್ನು ಮಂಜೂರು ಮಾಡಲಿ, ಈಗಾಗಲೇ ಕೊಟ್ಟ 20,000 ರೂಪಾಯಿ ಮುಂಗಡಕ್ಕೆ ಘಟನೋತ್ತರ ಅನುಮೋದನೆ ಕೊಡಲಿ. ಕೆಲಸ ನಡೆದುಹೋದ ಮೇಲೆ ಅದಕ್ಕೆ ಸಮಿತಿ ಕೊಡುವ ಒಪ್ಪಿಗೆಗೆ ಹಾಗೆನ್ನುತ್ತಾರೆ. ಅದು ತಪ್ಪು ಮುಚ್ಚುವ ಉಪಾಯವಲ್ಲ. ಯಾವ ದಿನ ಹಣ ಹೋಯಿತು, ಯಾವ ದಿನ ಒಪ್ಪಿಗೆ ಸಿಕ್ಕಿತು ಎಂಬ ಎರಡೂ ದಿನಾಂಕಗಳು ಅದರಲ್ಲಿ ಕಾಣುತ್ತವೆ.

ಬ್ಯಾಂಕ್ ಸಹಿದಾರರ ವಿಷಯಕ್ಕೆ ಹೊಸ ನಿರ್ಣಯವೊಂದೇ ದಾರಿ. ಬೈಲಾದಲ್ಲಿ ಹೇಳಿದಷ್ಟು ದಿನಗಳ ಮುಂಚೆ ತಿಳುವಳಿಕೆ ಪತ್ರ ಕಳುಹಿಸಿ, ಕೋರಂ ಇರುವ ಸಭೆಯಲ್ಲಿ ಹೆಸರು, ಖಾತೆ ಸಂಖ್ಯೆ, ಸಹಿಯ ವಿಧಾನ ಎಲ್ಲವನ್ನೂ ಓದಿ ಹೇಳಿ ನಿರ್ಣಯ ಮಾಡಿ. ಅದರ ಪ್ರತಿ ಬ್ಯಾಂಕಿಗೆ ಹೋಗಲಿ. ಕಾರ್ಯದರ್ಶಿ ‘ಇಷ್ಟಕ್ಕೆ ಇನ್ನೊಂದು ಸಭೆಯೇ?’ ಎಂದು ಬೇಸರಿಸುತ್ತಾರೆ. ನಾಲ್ವರು ಕುಳಿತು ಮಾಡಿದ ಮಾತನ್ನು ಐವರ ನಿರ್ಣಯವೆಂದು ದೃಢೀಕರಿಸಿ ಸಹಿ ಹಾಕಬೇಕಾದವರು ಅವರೇ ಎಂದು ಸಮಾಧಾನವಾಗಿ ತಿಳಿಸಿ. ನೀರಿನ ಶುಲ್ಕದ ಬಗ್ಗೆ ಗುಂಪಿಗೆ ಹಾಕಿದ ಸಂದೇಶವನ್ನು ಕಾರ್ಯದರ್ಶಿ ಹಿಂತೆಗೆದುಕೊಳ್ಳಬೇಕು. ಶುಲ್ಕ ಏರಿಸುವ ಅಧಿಕಾರ ಸಮಿತಿಗಿದೆಯೋ ಸರ್ವಸದಸ್ಯರ ಸಭೆಗಿದೆಯೋ ಎಂಬುದನ್ನು ಬೈಲಾದಲ್ಲಿ ನೋಡಿಯೇ ಮುಂದಿನ ಹೆಜ್ಜೆ.

8. ಪುಸ್ತಕಕ್ಕೆ ಏರಿಸುವಾಗ

ಅಂತಿಮ ನಡಾವಳಿಯನ್ನು ಪುಸ್ತಕದಲ್ಲಿ ಮುಂದಿನ ಖಾಲಿ ಪುಟದಲ್ಲೇ ಬರೆಯಿರಿ, ನಿಜವಾಗಿ ಬರೆದ ದಿನಾಂಕ ಹಾಕಿ. ಹಿಂದೆ ಎಲ್ಲೋ ಬಿಟ್ಟ ಅರ್ಧ ಪುಟದಲ್ಲಿ ತುರುಕಬೇಡಿ, ಹಳೆಯ ದಿನಾಂಕದ ಸಹಿ ಪಡೆಯಬೇಡಿ, ಬೆರಳಚ್ಚು ಮಾಡಿದ ಹಾಳೆಯನ್ನು ಅಂಟಿಸಬೇಡಿ. ಹಾಜರಾತಿ ಹಾಳೆಗೆ ಈಗ ಹೊಸ ಸಹಿ ಸೇರಿಸುವುದಂತೂ ಕೂಡದು. ಐದನೆಯವರನ್ನು ‘ಇದ್ದಂತೆ’ ಮಾಡಲು ಯಾರಾದರೂ ಒತ್ತಾಯಿಸಿದರೆ ನೀವು ಬರೆಯುವ ಕೆಲಸದಿಂದ ಹಿಂದೆ ಸರಿಯುವುದೇ ಮೇಲು.

ಓದುಗರಲ್ಲಿ ಕೆಲವರು ಕಂಪನಿಗಳಲ್ಲಿ ಕೆಲಸ ಮಾಡುವವರು. ಅವರಿಗೆ ನಿಯಮ ಇನ್ನೂ ಬಿಗಿ. 2013ರ ಕಂಪನಿಗಳ ಕಾಯ್ದೆಯ 118ನೇ ಕಲಮಿನಂತೆ ಆಡಳಿತ ಮಂಡಳಿಯ ಸಭೆ ಮುಗಿದ 30 ದಿನಗಳೊಳಗೆ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಮಾನದಂಡದ ಪ್ರಕಾರ ಕರಡು 15 ದಿನಗಳೊಳಗೆ ನಿರ್ದೇಶಕರಿಗೆ ತಲುಪಬೇಕು, ಅವರಿಗೆ ಅಭಿಪ್ರಾಯ ತಿಳಿಸಲು 7 ದಿನ. ಕೋರಂ ಸಭೆಯ ಆರಂಭದಲ್ಲಷ್ಟೇ ಅಲ್ಲ, ಉದ್ದಕ್ಕೂ ಇರಬೇಕು ಎಂದೂ ಅದೇ ಮಾನದಂಡ ಹೇಳುತ್ತದೆ. ನಡಾವಳಿಯನ್ನು ತಿರುಚಿದ್ದು ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ ಮತ್ತು 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅಲ್ಲಿ ಟಿಪ್ಪಣಿಯಿಲ್ಲದೆ ನಡಾವಳಿ ಕೇಳಿದರೆ ಕಂಪನಿ ಕಾರ್ಯದರ್ಶಿಯ ಗಮನಕ್ಕೆ ತರದೆ ಒಂದು ಸಾಲೂ ಬರೆಯಬೇಡಿ.

ಹೊಸ ಸಭೆಯ ದಿನ ನೀವೇ ಬರೆಯುವವರಾಗಿದ್ದರೆ ಹಾಜರಾತಿ ಹಾಳೆಗೆ ನಾಲ್ಕು ಕಾಲಂ ಹಾಕಿಕೊಂಡು ಹೋಗಿ: ಹೆಸರು, ಹುದ್ದೆ ಅಥವಾ ಆಹ್ವಾನಿತರು ಎಂಬ ವಿವರ, ಬಂದ ಸಮಯ, ಹೊರಟ ಸಮಯ. ಪ್ರತಿ ವಿಷಯ ಮುಗಿದಾಗ ಅಧ್ಯಕ್ಷರ ಕಡೆಗೆ ತಿರುಗಿ, ನೀವು ಬರೆದುಕೊಂಡ ನಿರ್ಣಯದ ವಾಕ್ಯವನ್ನು ಗಟ್ಟಿಯಾಗಿ ಓದಿ. ‘ಹೀಗೆ ಬರೆದುಕೊಳ್ಳಲೇ?’ ಎಂದು ಕೇಳಿ, ಹೂಂ ಎಂದ ಮೇಲೆಯೇ ಮುಂದಿನ ವಿಷಯಕ್ಕೆ ಬಿಡಿ.